ಸ್ಕೂಟರ್ ಮಾರಿದೆ, ಆರ್‌ಸಿಯಲ್ಲಿ ನಾನೇ ಉಳಿದೆ: ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರೇ,

ನಮಸ್ಕಾರ. ನಾನು ಮಂಡ್ಯದವನು. 2023ರ ಸೆಪ್ಟೆಂಬರ್‌ನಲ್ಲಿ ನನ್ನ ಕೆಎ 11 ನೋಂದಣಿಯ ಸ್ಕೂಟರನ್ನು ಪಾಂಡವಪುರ ಕಡೆಯ ಒಬ್ಬ ಹುಡುಗನಿಗೆ 32,000 ರೂಪಾಯಿಗೆ ಮಾರಿದೆ. ಎಲ್ಲರೂ ಮಾಡುವಂತೆ ಮಾಲೀಕತ್ವ ವರ್ಗಾವಣೆಯ ಫಾರಂ 29ರ ಎರಡು ಪ್ರತಿ ಮತ್ತು ಫಾರಂ 30ಕ್ಕೆ ಸಹಿ ಹಾಕಿ, ಆರ್‌ಸಿ, ಇನ್ಶೂರೆನ್ಸ್ ಜೆರಾಕ್ಸ್ ಜೊತೆ ಕೊಟ್ಟೆ. ಕೊಳ್ಳುವವನ ಹೆಸರು, ತಾರೀಖು ಎರಡೂ ಖಾಲಿ. "ನಾಳೆ ನಾಡಿದ್ದರಲ್ಲಿ ಹೆಸರಿಗೆ ಮಾಡಿಸ್ಕೋತೀನಿ ಅಣ್ಣ" ಅಂದ. ನಂಬಿದೆ.

ನಾಲ್ಕು ತಿಂಗಳಲ್ಲಿ ಅವನು ಅದೇ ಖಾಲಿ ಫಾರಂ ಸಮೇತ ಗಾಡಿಯನ್ನು ಇನ್ನೊಬ್ಬನಿಗೆ ದಾಟಿಸಿದ. 2024ರ ಜೂನ್‌ನಲ್ಲಿ ಇನ್ಶೂರೆನ್ಸ್ ಮುಗಿಯಿತು, ಯಾರೂ ಕಟ್ಟಲಿಲ್ಲ. ಆಗಸ್ಟ್‌ನ ಒಂದು ಸಂಜೆ ಗದ್ದೆಯಿಂದ ಮನೆಗೆ ನಡೆದು ಹೋಗುತ್ತಿದ್ದ ರೈತರೊಬ್ಬರಿಗೆ ಆ ಸ್ಕೂಟರ್ ಗುದ್ದಿ ಅವರ ಕಾಲು ಮುರಿಯಿತು. ಅಪಘಾತ ಪರಿಹಾರ ನ್ಯಾಯಮಂಡಳಿಯ ನೋಟಿಸ್ ಬಂದದ್ದು ನನ್ನ ಮನೆಗೆ. ಗಾಡಿಯ ಮಾಲೀಕನೆಂದು ನನ್ನ ಹೆಸರು; ಓಡಿಸಿದವನ ಮುಖವನ್ನೂ ನಾನು ನೋಡಿಲ್ಲ.

ದುಡ್ಡು ತೆಗೆದುಕೊಂಡು ಕೀ ಕೊಟ್ಟರೆ ವ್ಯವಹಾರ ಮುಗಿಯಿತೆಂದು ನಾನು ತಿಳಿದಿದ್ದೆ. ವಕೀಲರು ಹಾಗಲ್ಲವೆಂದು ವಿವರಿಸಿದರು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(30)ರ ಪ್ರಕಾರ ಆರ್‌ಸಿಯಲ್ಲಿ ಹೆಸರಿರುವವನೇ ಮಾಲೀಕ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅಲ್ಲೂ ಒಂದು ಕಾರು ಕೈಯಿಂದ ಕೈಗೆ ಮಾರಾಟವಾಗಿತ್ತು, ದಾಖಲೆಯಲ್ಲಿ ಮಾತ್ರ ಮೊದಲಿನವನ ಹೆಸರೇ ಇತ್ತು. ಗಾಯಗೊಂಡವರು ಪರಿಹಾರಕ್ಕಾಗಿ ಒಬ್ಬೊಬ್ಬ ಖರೀದಿದಾರನ ಹಿಂದೆ ಅಲೆಯುವಂತಾಗಬಾರದು ಎಂಬುದು ತೀರ್ಪಿನ ಆಶಯ. ಅದು ನ್ಯಾಯವೇ, ಕಾಲು ಮುರಿದುಕೊಂಡ ಆ ರೈತರಿಗೆ ಪರಿಹಾರ ಸಿಗಲೇಬೇಕು. ಸ್ಟಾಂಪ್ ಪೇಪರಿನ ಮಾರಾಟ ಕರಾರು ಇದ್ದಿದ್ದರೂ ಅವರ ಮುಂದೆ ನನ್ನನ್ನು ಬಿಡಿಸುತ್ತಿರಲಿಲ್ಲ, ಕೊಂಡವನ ಮೇಲೆ ಬೇರೆ ದಾವೆ ಹಾಕುವಾಗ ಸಾಕ್ಷಿಯಾಗುತ್ತಿತ್ತು ಅಷ್ಟೆ.

ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಗಾಡಿ ಮಾರಿದಾಗ ಥರ್ಡ್ ಪಾರ್ಟಿ ರಕ್ಷಣೆ ಸೆಕ್ಷನ್ 157ರಡಿ ತಾನಾಗಿಯೇ ಕೊಂಡವನಿಗೆ ವರ್ಗವಾಗುತ್ತದೆ. ಪಾಲಿಸಿಯಲ್ಲಿ ಹೆಸರು ಬದಲಿಸಲು ಅವನು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಗಾಡಿಗೇ ಆಗುವ ಹಾನಿಯ ರಕ್ಷಣೆ ಮಾತ್ರ ಹಾಗೆ ತಾನಾಗಿ ಹೋಗುವುದಿಲ್ಲ, ಅದಕ್ಕೆ ಕಂಪನಿ ಒಪ್ಪಿ ಹೆಸರು ಬದಲಿಸಬೇಕು. ನೋ ಕ್ಲೇಮ್ ಬೋನಸ್ ಮಾರಿದವನದು, ಅದು ಗಾಡಿಯ ಜೊತೆ ಹೋಗುವುದಿಲ್ಲ. ಈಗ ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟು: ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಪಾಲಿಸಿ ರದ್ದು ಮಾಡಿಸಬೇಡಿ, ಮುಗಿಯಲೂ ಬಿಡಬೇಡಿ. 110 ಸಿಸಿ ಸ್ಕೂಟರಿನ ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 2024ರಲ್ಲಿ ತೆರಿಗೆ ಬಿಟ್ಟು 714 ರೂಪಾಯಿ ಇತ್ತು. ಅಷ್ಟು ಕಟ್ಟಿದ್ದರೆ ಇವತ್ತು ಮನೆಯಲ್ಲಿ ಈ ಆತಂಕ ಇರುತ್ತಿರಲಿಲ್ಲ.

ತಪ್ಪು ನನ್ನದೂ ಇದೆ. ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು ಎನ್ನುತ್ತದೆ ಸೆಕ್ಷನ್ 50. ಫಾರಂ 29 ಇರುವುದೇ ಮಾರಿದವನು ಕೊಡುವ ಈ ಸೂಚನೆಗಾಗಿ. ಇಂಥವರಿಗೆ ಇಂಥ ದಿನ ಗಾಡಿ ಒಪ್ಪಿಸಿದ್ದೇನೆ ಎಂದು ಅದರಲ್ಲಿ ಬರೆಯಬೇಕು. ಫಾರಂ 30 ಮಾತ್ರ ಇಬ್ಬರೂ ಸಹಿ ಮಾಡುವ ವರ್ಗಾವಣೆ ಅರ್ಜಿ. ಆದರೆ ನಮ್ಮೂರ ವಾಡಿಕೆಯಲ್ಲಿ ಎರಡನ್ನೂ ಒಂದೇ ಪಿನ್ನಿನಲ್ಲಿ ಸೇರಿಸಿ "ಟಿಟಿಓ ಸೆಟ್" ಎಂದು ಕೊಂಡವನ ಕೈಗಿಡುತ್ತೇವೆ. ಮಾರಿದವನ ಕೈಯಲ್ಲಿದ್ದ ಒಂದೇ ರಕ್ಷಣೆ ಹೀಗೆ ಕೊಂಡವನ ಜೇಬು ಸೇರುತ್ತದೆ. ನೋಟಿಸ್ ಬಂದ ಮೇಲೆ ನಾನೊಬ್ಬನೇ ಫಾರಂ 29 ಹಿಡಿದು ಕಚೇರಿಗೆ ಹೋದೆ. "ಇಬ್ಬರೂ ಬನ್ನಿ, ಫಾರಂ 30 ತನ್ನಿ" ಎಂದು ಕೌಂಟರಿನಿಂದಲೇ ಕಳಿಸಿದರು.

ಸಚಿವರೇ, ನನ್ನ ಮೊದಲ ಕೋರಿಕೆ ಇಲ್ಲಿಯೇ. ಮಾರಿದವನು ಒಬ್ಬನೇ ಬಂದರೂ ಫಾರಂ 29 ತೆಗೆದುಕೊಂಡು, ತಾರೀಖಿನ ಸೀಲು ಒತ್ತಿ ಒಂದು ಪ್ರತಿ ವಾಪಸ್ ಕೊಡಬೇಕೆಂದು ಎಲ್ಲ ಆರ್‌ಟಿಓಗಳಿಗೆ ಸುತ್ತೋಲೆ ಹೊರಡಿಸಿ. ಹೆಸರು, ತಾರೀಖು ಖಾಲಿ ಇರುವ ಫಾರಂ ಮುಟ್ಟಬಾರದೆಂದೂ ಅದರಲ್ಲೇ ಬರೆಯಿಸಿ. ಆ ಸೂಚನೆ ವಾಹನದ ದಾಖಲೆಯಲ್ಲಿ ಕಾಣಲಿ. 30 ದಿನದಲ್ಲಿ ಕೊಂಡವನು ಅರ್ಜಿ ಹಾಕದಿದ್ದರೆ ಅವನ ವಿಳಾಸಕ್ಕೆ ಇಲಾಖೆಯೇ ನೋಟಿಸ್ ಕಳಿಸಲಿ. ಗಡುವು ಮೀರಿದವನಿಂದ ಹಣ ವಸೂಲಿ ಮಾಡುವ ಅಧಿಕಾರ ಸೆಕ್ಷನ್ 50ರಲ್ಲೇ ಇದೆ.

ಸೀಲು ಬಿದ್ದ ಮಾತ್ರಕ್ಕೆ ಮಾರಿದವನ ಹೊಣೆ ತೀರುವುದಿಲ್ಲ ಎಂದು ನನಗೆ ಗೊತ್ತು, ಅದಕ್ಕೆ ನಿಯಮವೇ ಬದಲಾಗಬೇಕು. ದಾರಿ ಆಗಲೇ ಅರ್ಧ ತೆರೆದಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ, ಅಧಿಕೃತ ಸೆಕೆಂಡ್ ಹ್ಯಾಂಡ್ ಡೀಲರಿಗೆ ಗಾಡಿ ಒಪ್ಪಿಸಿ ಫಾರಂ 29ಸಿ ಸಲ್ಲಿಸಿದರೆ ಅಲ್ಲಿಂದ ಮುಂದೆ ಡೀಲರನನ್ನೇ ಮಾಲೀಕನೆಂದು ಪರಿಗಣಿಸುತ್ತಾರೆ. ಪರಿಚಯದವರಿಗೆ, ಅಕ್ಕಪಕ್ಕದ ಊರಿನವರಿಗೆ ನೇರವಾಗಿ ಮಾರುವ ನಮ್ಮಂಥವರಿಗೆ ಆ ಅನುಕೂಲ ಇಲ್ಲ. ಇಬ್ಬರೂ ಆಧಾರ್ ಒಟಿಪಿ ಕೊಟ್ಟು ಒಪ್ಪಿಕೊಂಡ ನೇರ ಮಾರಾಟಕ್ಕೂ ಅದನ್ನು ವಿಸ್ತರಿಸಬೇಕೆಂದು ರಾಜ್ಯದ ಪರವಾಗಿ ಕೇಂದ್ರ ಸಾರಿಗೆ ಸಚಿವಾಲಯಕ್ಕೆ ಬರೆಯಿರಿ.

ನನ್ನ ಪ್ರಕರಣ ಇನ್ನೂ ವಿಚಾರಣೆಯಲ್ಲಿದೆ, ಅದರಲ್ಲಿ ನಿಮ್ಮಿಂದ ಏನನ್ನೂ ಕೇಳುತ್ತಿಲ್ಲ. ಸುತ್ತೋಲೆಗೆ ಬೇಕಿರುವುದು ನಿಮ್ಮ ಒಂದು ಸಹಿ.

ಇಂತಿ,
ಮಂಡ್ಯದ ಒಬ್ಬ ನಾಗರಿಕ