ಎಂಆರ್‌ಪಿಗಿಂತ ಐದು ರೂಪಾಯಿ ಕಡಿಮೆಗೆ ಮಾರಿದಾಗ ಆದದ್ದು

ಸಂಪಾದಕರಿಗೆ,

ನಮಸ್ಕಾರ. ಕೆಲವು ದಿನಗಳ ಹಿಂದೆ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರ ಪತ್ರ ಬಂದಿತ್ತು. ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಎಲ್ಲ ಸಾಮಾನೂ ಎಂಆರ್‌ಪಿಗಿಂತ ಕಡಿಮೆಗೆ ಸಿಗುತ್ತದೆ, ಊರಿನ ಅಂಗಡಿಯವರು ಮಾತ್ರ ಪ್ಯಾಕೆಟ್ ಮೇಲೆ ಬರೆದಷ್ಟೂ ವಸೂಲು ಮಾಡುತ್ತಾರೆ, ಐದು ರೂಪಾಯಿ ಬಿಟ್ಟರೆ ಇವರಿಗೇನು ಗಂಟು ಹೋಗುತ್ತದೆ ಎಂದು ಅವರು ಕೇಳಿದ್ದರು. ನಾನು ಪರ್ಕಳದಲ್ಲಿ ದಿನಸಿ ಅಂಗಡಿ ಇಟ್ಟುಕೊಂಡವನು. ಆ ಐದು ರೂಪಾಯಿ ಬಿಟ್ಟು ನೋಡಿದ್ದೇನೆ. ಏನು ಹೋಯಿತು ಎಂದು ಲೆಕ್ಕ ಬರೆದಿಟ್ಟಿದ್ದೇನೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಹೋದ ವರ್ಷ ಮಳೆಗಾಲದ ಹೊತ್ತಿಗೆ ನಮ್ಮ ಕಡೆ ಒಂದು ದೊಡ್ಡ ಅಂಗಡಿ ಶುರುವಾಯಿತು. ನನ್ನ ಅಂಗಡಿಗೆ ಸಂಜೆ ಬರುವವರು ಕಡಿಮೆಯಾದರು. ಮಗ ಹೇಳಿದ, ‘ಅಪ್ಪ, ನಾವೂ ಬೋರ್ಡ್ ಹಾಕುವ.’ ಹಾಕಿದೆವು. ‘ಎಲ್ಲ ಪ್ಯಾಕೆಟ್ ಸಾಮಾನಿಗೂ ಎಂಆರ್‌ಪಿಗಿಂತ 5% ಕಡಿಮೆ.’ ಹತ್ತು ರೂಪಾಯಿಯ ಬಿಸ್ಕತ್ತಿಗೆ ಐವತ್ತು ಪೈಸೆ ಎಲ್ಲಿಂದ ತರುವುದು? ಅದಕ್ಕೆ ಬಿಲ್ಲಿನ ಒಟ್ಟು ಮೊತ್ತದ ಮೇಲೆ ಕಳೆದು ಕೊಡುತ್ತಿದ್ದೆ.

ಬೋರ್ಡ್ ಹಾಕಿದ ವಾರದಲ್ಲೇ ಜನ ಬಂದರು, ಸುಳ್ಳು ಹೇಳುವುದಿಲ್ಲ. ಹೊಸ ಮುಖಗಳು. ಸ್ಕೂಟರ್ ನಿಲ್ಲಿಸಿ ಒಳಗೆ ಬರುವವರು. ರಾತ್ರಿ ಎಣಿಸುವಾಗ ಗಲ್ಲಾ ತುಂಬಿರುತ್ತಿತ್ತು. ನನ್ನ ಹೆಂಡತಿಗೂ ಖುಷಿ. ತಿಂಗಳ ಕೊನೆಗೆ ಏಜೆನ್ಸಿಯವರ ಬಿಲ್ಲು ಕಟ್ಟಿ ಮುಗಿಸುವಾಗ ಮಾತ್ರ ಏನೋ ಸರಿ ಇಲ್ಲ ಅನ್ನಿಸಿತು. ಮಾರಿದ್ದು ಜಾಸ್ತಿ, ಉಳಿದದ್ದು ಕಡಿಮೆ. ಅಂಗಡಿ ಮುಚ್ಚಿ ಒಂದು ಭಾನುವಾರ ಮಧ್ಯಾಹ್ನ ಪುಸ್ತಕ ಹಿಡಿದು ಕುಳಿತೆ.

ಮೊದಲು ಒಂದು ಪ್ಯಾಕೆಟಿನ ಲೆಕ್ಕ ನೋಡಿ. ಎಂಆರ್‌ಪಿ 100 ರೂಪಾಯಿ ಇರುವ ಸಾಮಾನು ನನಗೆ ಸರಾಸರಿ 90ಕ್ಕೆ ಬೀಳುತ್ತದೆ. ಕೆಲವದರಲ್ಲಿ 8 ಸಿಗುತ್ತದೆ, ಕೆಲವದರಲ್ಲಿ 12, ಒಟ್ಟಾರೆ ಹತ್ತು ಎಂದಿಟ್ಟುಕೊಳ್ಳಿ. ಗಿರಾಕಿಗೆ ಐದು ರೂಪಾಯಿ ಬಿಟ್ಟರೆ ಅವರ ಕಣ್ಣಿಗೆ ಅದು ನೂರರಲ್ಲಿ ಐದು. ನನಗೆ ಅದು ಹತ್ತರಲ್ಲಿ ಐದು. ಅಂದರೆ ಅರ್ಧ ಲಾಭ ಅಲ್ಲಿಗೇ ಹೋಯಿತು.

ಅದರ ಮೇಲೆ ತೆರಿಗೆ. ನಾನು ಜಿಎಸ್‌ಟಿಯಲ್ಲಿ ಸಣ್ಣ ವ್ಯಾಪಾರಿಗಳ ಕಾಂಪೋಸಿಷನ್ ಪದ್ಧತಿಯವನು. ನಮ್ಮಂಥವರು ಲಾಭ ಎಷ್ಟೇ ಇರಲಿ, ಮಾರಿದ ಮೊತ್ತದ ಮೇಲೆ 1% ಕಟ್ಟಬೇಕು. ಖರೀದಿಯಲ್ಲಿ ಕೊಟ್ಟ ತೆರಿಗೆ ವಾಪಸ್ ಸಿಗುವುದಿಲ್ಲ, ಗಿರಾಕಿಯಿಂದ ಬೇರೆ ತೆಗೆದುಕೊಳ್ಳುವಂತೆಯೂ ಇಲ್ಲ. ನೂರಕ್ಕೆ ಮಾರಿದಾಗ ಹತ್ತರಲ್ಲಿ ಒಂದು ರೂಪಾಯಿ ತೆರಿಗೆಗೆ ಹೋಗಿ ಒಂಬತ್ತು ಉಳಿಯುತ್ತಿತ್ತು. 95ಕ್ಕೆ ಮಾರಿದಾಗ ಐದರಲ್ಲಿ 95 ಪೈಸೆ ತೆರಿಗೆಗೆ ಹೋಗಿ 4 ರೂಪಾಯಿ 5 ಪೈಸೆ ಉಳಿಯುತ್ತದೆ. ಒಂಬತ್ತು ಇದ್ದದ್ದು ನಾಲ್ಕಕ್ಕೆ ಬಂತು. ಅರ್ಧಕ್ಕಿಂತಲೂ ಕಡಿಮೆ ಆಯಿತಲ್ವಾ?

ಲಾಭ ಕಡಿಮೆಯಾದರೇನು, ವ್ಯಾಪಾರ ಜಾಸ್ತಿಯಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ಆಯಿತು. ಮಳೆಗಾಲದ ವ್ಯಾಪಾರವನ್ನು ಬೇಸಿಗೆಯದಕ್ಕೆ ಹೋಲಿಸಬಾರದು. ನಮ್ಮಲ್ಲಿ ಆಟಿ ತಿಂಗಳೆಂದರೆ ಎಲ್ಲರ ಕೈಯೂ ಬಿಗಿ. ಅದಕ್ಕೆ ಜುಲೈಯನ್ನು ಅದರ ಹಿಂದಿನ ವರ್ಷದ ಜುಲೈ ಜೊತೆ ಇಟ್ಟು ನೋಡಿದೆ. ಅಂಕಿಗಳನ್ನು ಸುಲಭಕ್ಕೆ ದುಂಡಗೆ ಮಾಡಿದ್ದೇನೆ.

ಹಿಂದಿನ ವರ್ಷ ಪ್ಯಾಕೆಟ್ ಸಾಮಾನು 3 ಲಕ್ಷದ್ದು ಹೋಗಿತ್ತು, ಅದರಲ್ಲಿ ನನಗೆ 30 ಸಾವಿರ. ಬಿಡಿ ಸಾಮಾನು, ಅಂದರೆ ಕುಚ್ಚಲಕ್ಕಿ, ಬೇಳೆ, ಬ್ಯಾಡಗಿ ಮೆಣಸು, ಬೆಲ್ಲ, ತೆಂಗಿನಕಾಯಿ ಇತ್ಯಾದಿ, 1 ಲಕ್ಷದ್ದು ಹೋಗಿತ್ತು. ಅದರಲ್ಲಿ 15 ಸಾವಿರ. ಒಟ್ಟು 45 ಸಾವಿರ. ಬಾಡಿಗೆ, ಹುಡುಗನ ಸಂಬಳ, ಕರೆಂಟು, ಇಲಿ ಮತ್ತು ಥಂಡಿಗೆ ಹಾಳಾದದ್ದು ಎಲ್ಲ ಸೇರಿ 22 ಸಾವಿರ. ತೆರಿಗೆ 3 ಸಾವಿರ, ಬಿಡಿ ಸಾಮಾನಿನದ್ದು ಸಣ್ಣ ಮೊತ್ತ, ಅದನ್ನು ಇಲ್ಲಿ ಸೇರಿಸಿಲ್ಲ. ಕೈಯಲ್ಲಿ ಉಳಿದದ್ದು 20 ಸಾವಿರ.

ಬೋರ್ಡ್ ಹಾಕಿದ ಜುಲೈಯಲ್ಲಿ ಪ್ಯಾಕೆಟ್ ಸಾಮಾನು ಎಂಆರ್‌ಪಿ ಲೆಕ್ಕದಲ್ಲಿ 3 ಲಕ್ಷ 90 ಸಾವಿರದ್ದು ಹೋಯಿತು. ಅಂದರೆ ನೂರಕ್ಕೆ ಮೂವತ್ತು ಜಾಸ್ತಿ. ಇಷ್ಟು ಹೆಚ್ಚಿದರೆ ಯಾವ ವ್ಯಾಪಾರಿಯೂ ಕುಣಿದಾನು. ಆದರೆ ಅದರಲ್ಲಿ ಸಿಕ್ಕಿದ್ದು 5% ಮಾತ್ರ, 19,500 ರೂಪಾಯಿ. ಬಿಡಿ ಸಾಮಾನು ಹತ್ತು ಸಾವಿರದ್ದು ಜಾಸ್ತಿ ಹೋಗಿ ಅದರಲ್ಲಿ 16,500 ಬಂತು. ಒಟ್ಟು 36 ಸಾವಿರ. ಖರ್ಚು ಅಷ್ಟೇ, ತೆರಿಗೆ 3,705. ಉಳಿದದ್ದು 10,295 ರೂಪಾಯಿ. ಗಲ್ಲಾಕ್ಕೆ ಬಂದ ಹಣ 80 ಸಾವಿರ ಜಾಸ್ತಿ, ಮನೆಗೆ ಹೋದ ಹಣ ಹೆಚ್ಚುಕಮ್ಮಿ ಅರ್ಧ. ಪ್ಯಾಕೆಟ್ ಸಾಮಾನಿನಲ್ಲೇ ಹಳೆಯ ಲಾಭಕ್ಕೆ ಮುಟ್ಟಬೇಕಿದ್ದರೆ ಅದರ ವ್ಯಾಪಾರ ಮೂರು ಲಕ್ಷದಿಂದ ಆರೂವರೆ ಲಕ್ಷ ದಾಟಬೇಕಿತ್ತು. ಅಷ್ಟು ಮನೆಗಳೇ ನಮ್ಮ ಸುತ್ತ ಇಲ್ಲ. ಇದ್ದರೂ ಅಷ್ಟು ಸಾಮಾನು ಇಡಲು ನನ್ನಲ್ಲಿ ಜಾಗವೂ ಇಲ್ಲ, ಏಜೆನ್ಸಿಯವರಿಗೆ ವಾರಕ್ಕೊಮ್ಮೆ ಕೊಡಲು ದುಡ್ಡೂ ಇಲ್ಲ.

ಎಲ್ಲಿ ಸೋರಿತು ಎಂದು ಹುಡುಕಿದಾಗ ನನಗೇ ಆಶ್ಚರ್ಯವಾಯಿತು. ಹೊಸಬರಿಗೆ ಕೊಟ್ಟದ್ದರಿಂದ ನಷ್ಟ ಆಗಿಲ್ಲ. ಅವರು ತೆಗೆದುಕೊಂಡ 90 ಸಾವಿರದಲ್ಲಿ ನನಗೆ 4,500 ಸಿಕ್ಕಿದೆ. ಬಿಡಿ ಸಾಮಾನಿನಲ್ಲಿ ಇನ್ನೊಂದು 1,500. ಹೋದದ್ದೆಲ್ಲ ಹಳಬರಿಂದ. ಬೋರ್ಡ್ ಇರಲಿ ಬಿಡಲಿ, ಅವರು ಆ 3 ಲಕ್ಷದ ಸಾಮಾನನ್ನು ನನ್ನಲ್ಲೇ ಕೊಳ್ಳುತ್ತಿದ್ದರು. ಅವರಿಗೆ ಸುಮ್ನೆ 15 ಸಾವಿರ ಹಂಚಿದ ಹಾಗಾಯಿತು. ಆರು ಸಾವಿರ ಹಿಡಿಯಲು ಹದಿನೈದು ಸಾವಿರದ ಬಲೆ ಬೀಸಿದ್ದೆ. ಮಲ್ಪೆಯ ಮೀನುಗಾರರು ಕೇಳಿದರೆ ನಗುತ್ತಾರೆ.

ಹಳಬರಾದರೂ ಖುಷಿಪಟ್ಟರೇ? ಹದಿನೈದು ವರ್ಷದಿಂದ ತಿಂಗಳ ಪಟ್ಟಿ ಕೊಡುವ ಒಬ್ಬರು ಬಾಯಮ್ಮ ಇದ್ದಾರೆ. ಮೊದಲ ಸಲ ಬಿಲ್ಲಿನಲ್ಲಿ 110 ರೂಪಾಯಿ ಕಳೆದು ಕೊಟ್ಟಾಗ ಅವರು ಕನ್ನಡಕ ಏರಿಸಿ ಬಿಲ್ಲು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ‘ಅಲ್ಲ ಮಾರಾಯ್ರೆ, ಹಾಗಾದ್ರೆ ಇಷ್ಟು ವರ್ಷ ನಮ್ಮಿಂದ ಜಾಸ್ತಿ ತಕ್ಕೊಂಡದ್ದಾ?’ ಏನು ಹೇಳುವುದು? ಎರಡು ತಿಂಗಳ ಮೇಲೆ ಬೋರ್ಡ್ ತೆಗೆದಾಗ ಅವರೇ ಬಂದು, ‘ರೇಟು ಏರಿಸಿದ್ರಂತೆ?’ ಎಂದರು. ಏರಿಸಿದ್ದು ಏನೂ ಇಲ್ಲ, ಮೊದಲಿದ್ದದ್ದೇ. ಆದರೆ ಒಮ್ಮೆ 95 ಎಂದ ಮೇಲೆ ನೂರು ದುಬಾರಿಯೇ.

ಹೊಸಬರ ವಿಷಯವನ್ನೂ ಹೇಳಬೇಕು. ಕಡಿಮೆ ರೇಟಿನ ಸಾಮಾನಿಗೆ ಬಂದವರು ಬೇರೆ ಸಾಮಾನನ್ನೂ ಒಯ್ಯುತ್ತಾರೆ, ಅದರಲ್ಲಿ ಲಾಭ ಮಾಡಿಕೊಳ್ಳಬಹುದು ಎಂಬುದೇ ಈ ಕಡಿತದ ಹಿಂದಿನ ಲೆಕ್ಕ. ದೊಡ್ಡ ಅಂಗಡಿಯಲ್ಲಿ ಅದು ನಡೆಯುತ್ತದೆ. ಎಣ್ಣೆಗೆ ಹೋದವರು ಗಾಡಿ ತಳ್ಳಿಕೊಂಡು ಪಾತ್ರೆ, ಪ್ಲಾಸ್ಟಿಕ್ ಡಬ್ಬ, ಮಕ್ಕಳ ಚಡ್ಡಿ ತನಕ ತುಂಬಿಸಿಕೊಂಡು ಬರುತ್ತಾರೆ. ಲಾಭ ಇರುವುದು ಅಲ್ಲಿ. ನನ್ನ ಅಂಗಡಿಗೆ ಬಂದವರು ಹೆಲ್ಮೆಟ್ ಕೂಡ ತೆಗೆಯದೆ ಎರಡು ಪ್ಯಾಕೆಟ್ ಎಣ್ಣೆ, ಒಂದು ದೊಡ್ಡ ಚೀಲ ಸೋಪಿನ ಪುಡಿ ತೆಗೆದುಕೊಂಡು ಹೋದರು. ಕುಚ್ಚಲಕ್ಕಿ ಕೇಳಲಿಲ್ಲ. ಅಕ್ಕಿ, ಮೆಣಸು ಎಲ್ಲಿ ಚೆನ್ನಾಗಿದೆ ಎಂದು ಪ್ರತಿ ಮನೆಯವರಿಗೂ ಒಂದು ಅಭ್ಯಾಸ ಇರುತ್ತದೆ. ಅದು ಬೋರ್ಡ್ ನೋಡಿ ಬದಲಾಗುವುದಿಲ್ಲ.

ಇನ್ನು ಎಣ್ಣೆಯ ಗುಟ್ಟು. ಅಡಿಗೆ ಎಣ್ಣೆಯ ಪ್ಯಾಕೆಟ್ ಮೇಲೆ ಬರೆದ ರೇಟಿಗೂ ನಮಗೆ ಬೀಳುವ ರೇಟಿಗೂ ಬಹಳ ಅಂತರ ಇರುತ್ತದೆ. ಮಾರುಕಟ್ಟೆ ಏರಿಳಿಯುತ್ತದೆ ಎಂದು ಕಂಪನಿಗಳೇ ಎಂಆರ್‌ಪಿಯನ್ನು ಮೇಲೆ ಅಚ್ಚು ಹಾಕಿರುತ್ತವೆ. ಹಾಗಾಗಿ ಎಣ್ಣೆಯನ್ನು ನಾನೂ ಯಾವತ್ತೂ ಪೂರ್ತಿ ಎಂಆರ್‌ಪಿಗೆ ಮಾರಿದವನಲ್ಲ. ದೊಡ್ಡ ಅಂಗಡಿಯವರು ‘30 ರೂಪಾಯಿ ಉಳಿತಾಯ’ ಎಂದು ಬಿಲ್ಲಿನಲ್ಲಿ ತೋರಿಸುವಾಗ ಅದರಲ್ಲಿ ಅವರ ಕೈಯಿಂದ ಹೋದದ್ದು ಎಷ್ಟು, ಬರೀ ಅಚ್ಚಿನಿಂದ ಇಳಿದದ್ದು ಎಷ್ಟು ಎಂದು ಗಿರಾಕಿಗೆ ಗೊತ್ತಾಗುವುದಿಲ್ಲ. ಎಷ್ಟು ಬಿಟ್ಟರು ಎಂದು ನೋಡಬೇಡಿ, ಎಷ್ಟು ಕೊಟ್ಟಿರಿ ಎಂದು ನೋಡಿ. ಅದೇ ಪ್ಯಾಕೆಟಿಗೆ ನಮ್ಮಲ್ಲಿ ಎಷ್ಟು ಎಂದು ಒಮ್ಮೆ ಕೇಳಿ.

ಪೂರ್ತಿ ಎಂಆರ್‌ಪಿ ತೆಗೆದುಕೊಳ್ಳುವುದು ಮೋಸ ಎಂಬಂತೆ ಆ ಓದುಗರು ಬರೆದದ್ದು ನನಗೆ ಬೇಸರ ತಂದಿತು. ಎಲ್ಲ ತೆರಿಗೆ ಸೇರಿ ಇದಕ್ಕಿಂತ ಮೇಲೆ ಹೋಗಬಾರದು ಎಂದು ಹಾಕಿದ ಗೆರೆ ಅದು. ಗೆರೆಯ ಕೆಳಗೆ ಎಷ್ಟಕ್ಕಾದರೂ ಮಾರಬಹುದು, ಗೆರೆಯ ಮೇಲೆ ಮಾರಿದರೆ ಕಾನೂನು ಮಾಪನ ಇಲಾಖೆಗೆ ದೂರು ಕೊಡಬಹುದು. ಫ್ರಿಜ್ಜಿನಲ್ಲಿ ಇಟ್ಟದ್ದಕ್ಕೆ ಅಂತ ತಂಪು ಪಾನೀಯಕ್ಕೆ ಎರಡು ರೂಪಾಯಿ ಜಾಸ್ತಿ ತೆಗೆದುಕೊಳ್ಳುವವರು ನಮ್ಮಲ್ಲೂ ಇದ್ದಾರೆ. ಅದು ತಪ್ಪೇ. ಅವರ ಪರವಾಗಿ ನಾನು ಬರೆಯುತ್ತಿಲ್ಲ.

ಈಗ ಕಡಿತ ಪೂರ್ತಿ ನಿಲ್ಲಿಸಿದ್ದೇನೆ ಎಂದೇನೂ ಇಲ್ಲ. ಜನರಿಗೆ ರೇಟು ಬಾಯಿಪಾಠ ಇರುವುದು ನಾಲ್ಕು ಸಾಮಾನಿನದ್ದು ಮಾತ್ರ: ಎಣ್ಣೆ, ಸಕ್ಕರೆ, ಚಹಾ ಪುಡಿ, ಸೋಪಿನ ಪುಡಿ. ಸಾಸಿವೆಯ ರೇಟು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಈ ನಾಲ್ಕರಲ್ಲಿ ಮಾತ್ರ ದೊಡ್ಡ ಅಂಗಡಿಯ ಹತ್ತಿರಕ್ಕೆ ಬರುತ್ತೇನೆ. ಇನ್ನೊಂದು, ಏಜೆನ್ಸಿಯವರು 12 ತೆಗೆದುಕೊಂಡರೆ 1 ಉಚಿತ ಎಂದು ಸ್ಕೀಮ್ ಕೊಟ್ಟಾಗ. 90ರಂತೆ ಹನ್ನೆರಡಕ್ಕೆ 1,080 ಕೊಟ್ಟು ಹದಿಮೂರು ಸಿಕ್ಕಿದರೆ ಒಂದಕ್ಕೆ ಬೀಳುವುದು 83 ಚಿಲ್ಲರೆ. ಅದನ್ನು 95ಕ್ಕೆ ಕೊಟ್ಟರೂ ತೆರಿಗೆಗೆ ಮೊದಲು ನನಗೆ ಹೆಚ್ಚುಕಮ್ಮಿ ಹನ್ನೆರಡು ಉಳಿಯುತ್ತದೆ. ಆದರೆ ಸ್ಕೀಮ್ ಆಸೆಗೆ ಮೂರು ಬಾಕ್ಸ್ ಇಳಿಸಿಕೊಂಡು ಬಿಸ್ಕತ್ತು ನಮ್ಮ ಮಳೆಗೆ ಮೆತ್ತಗಾದರೆ ಕಥೆ ಮುಗಿಯಿತು. ಒಂದು ತಿಂಗಳಲ್ಲಿ ಖಾಲಿಯಾಗುವಷ್ಟನ್ನು ಮಾತ್ರ ಇಳಿಸಿಕೊಳ್ಳುತ್ತೇನೆ. ಇದರಿಂದ ಹಳೆಯ 20 ಸಾವಿರ ಇನ್ನೂ ಪೂರ್ತಿ ವಾಪಸ್ ಬಂದಿಲ್ಲ. 17, 18ರ ಹತ್ತಿರ ಇದೆ. ಸಂಜೆ ಹೋದ ಕೆಲವರು ಹೋಗಿಯೇಬಿಟ್ಟರು.

ಪತ್ರ ಬರೆದ ಓದುಗರು ಪರ್ಕಳದ ಕಡೆ ಬಂದರೆ ನಮ್ಮ ಅಂಗಡಿಗೆ ಬರಲಿ. ಖರೀದಿ ಬಿಲ್ಲಿನ ಫೈಲು ಗಲ್ಲಾದ ಕೆಳಗೇ ಇದೆ, ಯಾವ ಸಾಮಾನಿನದ್ದು ಬೇಕಾದರೂ ತೆಗೆದು ತೋರಿಸುತ್ತೇನೆ. ಮಧ್ಯಾಹ್ನ ಒಂದೂವರೆಯಿಂದ ಮೂರೂವರೆವರೆಗೆ ಮಾತ್ರ ಬಾಗಿಲು ಹಾಕಿರುತ್ತದೆ.

ಇಂತಿ,
ಒಬ್ಬ ದಿನಸಿ ವ್ಯಾಪಾರಿ
ಪರ್ಕಳ, ಉಡುಪಿ