ಒಂದು ವರ್ಷದ ಮೊಸರು, ಒಂದು ರಾತ್ರಿಯ ಋಣ

ಹಾಸನದ ನಮ್ಮ ಬೀದಿಯಲ್ಲಿ ನಾನು ಮನೆಯಲ್ಲೇ ಹೆಪ್ಪು ಹಾಕಿದ ಮೊಸರನ್ನು ಮಾರತೊಡಗಿ ಈ ಯುಗಾದಿಗೆ ಒಂದು ವರ್ಷವಾಯಿತು. ಮನೆಯ ದುಡಿಮೆ ನಿಂತುಹೋದ ಆ ದಿನಗಳ ಸಂಗತಿ ನಿಮಗೆಲ್ಲ ಗೊತ್ತೇ ಇರುವುದರಿಂದ ಅದನ್ನು ಮತ್ತೆ ಹೇಳುವುದಿಲ್ಲ. ಮೊದಲ ವಾರದಿಂದಲೂ ಪಾತ್ರೆ ಹಿಡಿದು ಬಂದ ನೆರೆಹೊರೆಯವರಿಗೆ, ಆಹಾರ ಸುರಕ್ಷತೆಯ ನೋಂದಣಿಗೆ ಅರ್ಜಿ ತುಂಬಿಕೊಟ್ಟ ಮೇಲ್ಮನೆಯ ಹುಡುಗನಿಗೆ, ಥರ್ಮಾಮೀಟರ್ ತಂದುಕೊಟ್ಟ ನನ್ನ ತಮ್ಮನಿಗೆ ಮನಃಪೂರ್ವಕ ವಂದನೆಗಳು.

ಆದರೆ ನನ್ನ ಮೊಸರು ಇಂದು ಒಂದೇ ಹದದಲ್ಲಿ ನಿಮ್ಮ ಮನೆ ಸೇರುತ್ತಿದ್ದರೆ ಅದು ಎದುರು ಮನೆಯ ಅಜ್ಜಿಯಿಂದ. ಮನೆಗೆಂದು ಮಾಡಿದ ಮೊಸರು ಒಂದು ದಿನ ಹುಳಿಯಾದರೆ ಮಜ್ಜಿಗೆಹುಳಿಗೆ ಆಗುತ್ತದೆ. ದುಡ್ಡು ಕೊಟ್ಟು ಕೊಂಡವರಿಗೆ ನಿನ್ನೆಯ ರುಚಿಯೇ ಇಂದೂ ಸಿಗಬೇಕು. ಹಾಲು ಉಕ್ಕಿದ ಕೂಡಲೇ ಇಳಿಸದೆ ಸಣ್ಣ ಉರಿಯಲ್ಲಿ ಇನ್ನೂ ಹತ್ತು ನಿಮಿಷ ಕೈಯಾಡಿಸುತ್ತಾ ಕಾಯಿಸಿದರೆ ಮೊಸರು ಗಟ್ಟಿಯಾಗಿ ಕೂರುತ್ತದೆ, ಬೇಗ ನೀರೊಡೆಯುವುದಿಲ್ಲ ಎಂಬುದನ್ನು ಅವರೇ ತೋರಿಸಿಕೊಟ್ಟರು. ನಾಳೆಯ ಹೆಪ್ಪನ್ನು ಮಾರಾಟಕ್ಕೆ ಮೊದಲೇ, ಬಿಸಿನೀರಿನಲ್ಲಿ ತೊಳೆದ ಸ್ಟೀಲ್ ಡಬ್ಬಿಗೆ, ಕೆನೆಯ ಕೆಳಗಿನಿಂದ ತೆಗೆದು ಫ್ರಿಡ್ಜಿನಲ್ಲಿ ಇಡಬೇಕೆಂಬುದೂ ಅವರ ಕಟ್ಟುನಿಟ್ಟು, ಏಕೆಂದರೆ ಹುಳಿ ಹೆಪ್ಪಿನಿಂದ ಮರುದಿನದ ಮೊಸರೂ ಬೇಗನೆ ಹುಳಿಯಾಗುತ್ತದೆ. ಲೀಟರಿಗೆ ಒಂದು ದೊಡ್ಡ ಚಮಚ ಹೆಪ್ಪು ನಮ್ಮ ಲೆಕ್ಕ. ಡಿಸೆಂಬರಿನ ಚಳಿಯಲ್ಲಿ ಹಾಲು 42 ಡಿಗ್ರಿಗೆ ಇಳಿದಾಗ ಹೆಪ್ಪು ಹಾಕಿ ಕಂಬಳಿ ಸುತ್ತುತ್ತೇನೆ. ಬೇಸಿಗೆಯಲ್ಲಿ 38ರವರೆಗೆ ಆರಲು ಬಿಟ್ಟು, ಹೆಪ್ಪನ್ನೂ ಸ್ವಲ್ಪ ಕಡಿಮೆ ಮಾಡುತ್ತೇನೆ.

ಇಷ್ಟೆಲ್ಲ ಕಲಿತ ಮೇಲೂ ಒಂದು ರಾತ್ರಿ ಮೊಸರು ಕೂರಲಿಲ್ಲ. ಮರುದಿನ ಪಕ್ಕದ ಬೀದಿಯ ನಾಮಕರಣಕ್ಕೆ 20 ಲೀಟರು ಮೊಸರು ಕೊಡಬೇಕಿತ್ತು. ಸಂಜೆ ಐದಕ್ಕೆ ಹೆಪ್ಪು ಹಾಕಿದ್ದ ಹಾಲು ರಾತ್ರಿ ಹತ್ತಾದರೂ ಹಾಲಾಗಿಯೇ ಇತ್ತು. ಹಾಲಿಗೆ ಕೊಟ್ಟ ಹಣ ಸಾಲದ್ದು. ಆ ಊಟಕ್ಕೆ ಮೊಸರು ತಲುಪದಿದ್ದರೆ ಮತ್ತೆ ಯಾರೂ ನನ್ನನ್ನು ನಂಬಲಾರರು ಎಂದುಕೊಂಡು ಅಡುಗೆಮನೆಯ ನೆಲದ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತೆ. ದೀಪ ಉರಿಯುತ್ತಿದ್ದುದನ್ನು ನೋಡಿ ಬಂದ ಅಜ್ಜಿ, "ಹೆಪ್ಪಿನ ದೋಷವೋ, ಹಾಲಿನ ದೋಷವೋ, ಮೊದಲು ಅದನ್ನ ನೋಡೋಣ ಇರು ಮಗಳೇ" ಎಂದರು.

ತಮ್ಮ ಮನೆಯಿಂದ ಅರ್ಧ ಲೀಟರಿನ ಪ್ಯಾಕೆಟ್ ಹಾಲು ತಂದು ಕಾಯಿಸಿದರು. ಮನೆ ಬಳಕೆಗೆಂದು ನಾನು ತೆಗೆದಿಟ್ಟಿದ್ದ, ಅದೇ ದಿನದ ಕರೆದ ಹಾಲನ್ನು ಇನ್ನೊಂದು ಪಾತ್ರೆಯಲ್ಲಿ ಅಷ್ಟೇ ಅಳತೆಗೆ ಕಾಯಿಸಿದರು. ಎರಡಕ್ಕೂ ಡಬ್ಬಿಯಲ್ಲಿ ಉಳಿದಿದ್ದ ಒಂದೇ ಹೆಪ್ಪನ್ನು ಒಂದೇ ಪ್ರಮಾಣದಲ್ಲಿ ಹಾಕಿ, ಎರಡನ್ನೂ ಬೆಚ್ಚಗಿನ ನೀರು ತುಂಬಿದ ಅಗಲವಾದ ಬೋಗುಣಿಯಲ್ಲಿಟ್ಟು, ನೀರು ಆರಿದಂತೆಲ್ಲ ಬಿಸಿನೀರು ಸೇರಿಸುತ್ತಾ, ಮಂಡಿನೋವಿನಲ್ಲೂ ನನ್ನ ಜೊತೆ ಎಚ್ಚರವಾಗಿದ್ದರು. ಬೆಳಗಿನ ಜಾವ ಮೂರರ ಹೊತ್ತಿಗೆ ಪ್ಯಾಕೆಟ್ ಹಾಲಿನ ಪಾತ್ರೆಯನ್ನು ಓರೆ ಮಾಡಿದರೆ ಮೊಸರು ಅಲುಗಲಿಲ್ಲ. ಇನ್ನೊಂದು ಪಾತ್ರೆಯದು ಹಾಲಿನಂತೆಯೇ ಹರಿಯಿತು. ಹೆಪ್ಪು ಸರಿಯಾಗಿತ್ತು, ಹಾಲಿನಲ್ಲಿ ದೋಷವಿತ್ತು. "ಇಂಜೆಕ್ಷನ್ ಕೊಟ್ಟ ಹಸುವಿನ ಹಾಲು ಸೇರಿರಬೇಕು" ಎಂದು, ಎಮ್ಮೆ ಸಾಕಿ ಬಾಳಿದ ಅಜ್ಜಿ ಆಗಲೇ ಹೇಳಿದರು. ಬೆಳಿಗ್ಗೆ ಕೇಳಿದಾಗ ಹಾಲಿನವರು ಮುಚ್ಚಿಡದೆ ಒಪ್ಪಿಕೊಂಡರು: ಒಂದು ಹಸುವಿಗೆ ಕೆಚ್ಚಲು ಬಾವಾಗಿ ಔಷಧ ಕೊಡಿಸಿದ್ದರು, ಅದರ ಹಾಲೂ ಬೆರೆತಿತ್ತು. ರೋಗಾಣುಗಳನ್ನು ಕೊಲ್ಲುವ ಆ ಔಷಧದ ಅಂಶ ಹಾಲಿನಲ್ಲಿ ಉಳಿದರೆ ಹೆಪ್ಪಿನ ಸೂಕ್ಷ್ಮಜೀವಿಗಳೂ ಬೆಳೆಯುವುದಿಲ್ಲ, ಹಾಲು ಕುದಿಸಿದ ಮಾತ್ರಕ್ಕೆ ಅದು ಹೋಗುವುದೂ ಇಲ್ಲ. ಆ ಹಾಲನ್ನೆಲ್ಲ ಚೆಲ್ಲಿದೆವು.

ರಾತ್ರಿ ಪರೀಕ್ಷೆಗೆಂದು ಇಟ್ಟ ಆ ಅರ್ಧ ಲೀಟರು ಮೊಸರೇ ಬೆಳಗಿನ ಹೆಪ್ಪಾಯಿತು. ಬೂತ್ ತೆರೆಯುತ್ತಿದ್ದಂತೆ 20 ಲೀಟರು ಪ್ಯಾಕೆಟ್ ಹಾಲು ತಂದು ಕಾಯಿಸಿ, ತೊಟ್ಟಿಯ ನೀರಿನಲ್ಲಿಟ್ಟು ಆರಿಸಿ, ಏಳು ಗಂಟೆಗೆ ಹೆಪ್ಪು ಹಾಕಿದೆವು. ಹೆಪ್ಪು ಎಂದಿಗಿಂತ ಹೆಚ್ಚಾಗಿದ್ದರಿಂದ ಹನ್ನೊಂದೂವರೆಗೆ ಮೊಸರು ಕೂತಿತು. ಪಾತ್ರೆ ಕುಲುಕದಂತೆ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದೆ. ತಡವಾದರೂ ಗದರದೆ ಕಾದ ನಾಮಕರಣದ ಮನೆಯವರಿಗೂ ನಾನು ಋಣಿ.

ಅಜ್ಜಿಗೆ ಈ ಋಣವನ್ನು ತೀರಿಸುವ ದಾರಿ ನನಗೆ ಗೊತ್ತಿಲ್ಲ. ಅವರ ಹೆತ್ತ ಮಕ್ಕಳು ದೂರದಲ್ಲಿದ್ದಾರೆ. ಇನ್ನು ಮುಂದೆ ಅವರನ್ನು ಆಸ್ಪತ್ರೆಗೆ ಕರೆದೊಯ್ಯುವ ಹೊಣೆ ನನ್ನದು ಎಂದು ಎಲ್ಲರೆದುರು ಹೇಳುತ್ತಿದ್ದೇನೆ.

ಈಗ ಹಾಲಿನವರು ಔಷಧ ಕೊಟ್ಟ ಹಸುವಿನ ಹಾಲನ್ನು, ಪಶುವೈದ್ಯರು ಹೇಳಿದಷ್ಟು ದಿನ ಬೇರೆಯೇ ಇಡುತ್ತಾರೆ. ಹೊಸ ಕಡೆಯಿಂದ ಹಾಲು ಬಂದ ದಿನ ನಾನೂ ಮೊದಲು ಒಂದು ಬಟ್ಟಲಿನಲ್ಲಿ ಹೆಪ್ಪು ಹಾಕಿ ನೋಡಿಯೇ ಉಳಿದದ್ದಕ್ಕೆ ಕೈ ಹಾಕುತ್ತೇನೆ. ಅಂಥ ದಿನಗಳಲ್ಲಿ ಮೊಸರು ಬೆಳಿಗ್ಗೆಯ ಬದಲು ಸಂಜೆ ಸಿಗುತ್ತದೆ. ದಯವಿಟ್ಟು ಸಹಕರಿಸಬೇಕೆಂದು ಕೋರುತ್ತೇನೆ.