ಬೇಡ ಎಂದ ಮೇಲೆ ಕಾರಣ ಹೇಳಬೇಕಿಲ್ಲ: ಗೆಳೆಯನಿಗೊಂದು ಪತ್ರ

ಪ್ರೀತಿಯ ಚೇತನ,

ನಿನ್ನ ಪತ್ರ ತಲುಪಿತು. ಮಂಡ್ಯದ ನಿಮ್ಮ ಹಾಸ್ಟೆಲಿಗೂ ವೇಪ್ ಎಂಬ ಇ-ಸಿಗರೇಟ್ ಬಂದಿದೆಯೆಂದೂ, ಮುಂದಿನ ಪಾರ್ಟಿಯಲ್ಲಿ ಯಾರಾದರೂ ಅದನ್ನು ನಿನ್ನ ಕೈಗಿಟ್ಟರೆ ಸ್ನೇಹ ಕೆಡದಂತೆ ಏನು ಹೇಳುವುದೆಂದೂ ಕೇಳಿದ್ದೀಯೆ. ಕಳೆದ ತಿಂಗಳು ಇಲ್ಲಿ ಮೈಸೂರಿನಲ್ಲಿ ನನಗೆ ಅದೇ ಸಂದರ್ಭ ಒದಗಿತ್ತು. ಹಾಸ್ಟೆಲಿನಲ್ಲಿರುವ ಬೇರೆಯವರಿಗೂ ಉಪಯೋಗವಾಗಲೆಂದು, ಹೆಸರುಗಳನ್ನು ಬದಲಿಸಿ, ಈ ಪತ್ರವನ್ನು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ.

ಕುವೆಂಪುನಗರದ ಒಂದು ಬಾಡಿಗೆ ಮನೆಯ ತಾರಸಿಯಲ್ಲಿ ನಮ್ಮ ಸೀನಿಯರ್ ಕಿರಣನ ಹುಟ್ಟುಹಬ್ಬ. ಕೇಕ್ ಕತ್ತರಿಸಿ, ಬಿರಿಯಾನಿ ಮುಗಿಸಿ, ಚಾಮುಂಡಿ ಬೆಟ್ಟದ ದೀಪಗಳತ್ತ ಮುಖ ಮಾಡಿ ಕುಳಿತಿದ್ದಾಗ ಕಿರಣ ಜೇಬಿನಿಂದ ಹೈಲೈಟರ್ ಪೆನ್ನಿನಂತಹ ಒಂದು ವಸ್ತುವನ್ನು ತೆಗೆದ. ಅವನು ಒಂದು ಸಲ ಎಳೆದು ಬಿಟ್ಟೊಡನೆ ತಾರಸಿಯಲ್ಲೆಲ್ಲ ಮಾವಿನ ಹಣ್ಣಿನ ವಾಸನೆ ಹರಡಿತು. ಅದು ಕೈಯಿಂದ ಕೈಗೆ ದಾಟುತ್ತಾ ನಮ್ಮ ಸಾಲಿಗೆ ಬಂದಾಗ ನನ್ನ ಪಕ್ಕದಲ್ಲಿದ್ದವನು ನವೀನ. ಅವನು ಬೇಡವೆಂದೇ ಕುಳಿತಿದ್ದ. ಅದು ಅವನ ಮುಖದಲ್ಲಿ ನನಗೆ ಚೆನ್ನಾಗಿ ಕಾಣುತ್ತಿತ್ತು. ಆದರೆ ಬಾಯಲ್ಲಿ ಬಂದದ್ದು ಬೇರೆ ಮಾತು.

"ಇವತ್ತು ನೆಗಡಿ ಕಣಣ್ಣ, ಇನ್ನೊಂದ್ ಸಲ ನೋಡೋಣ."

"ನೆಗಡಿಗೆ ಇದೇ ಮದ್ದು ಕಣೋ, ಪುದೀನದ್ದೂ ಐತೆ," ಎಂದು ಕಿರಣ ಇನ್ನೊಂದನ್ನು ತೆಗೆದು ಕೊಟ್ಟ. ನವೀನನಲ್ಲಿದ್ದ ಕಾರಣ ಅದೊಂದೇ ಆಗಿತ್ತು. ಅದಕ್ಕೆ ಉತ್ತರ ಬಂದುಬಿಟ್ಟಿತ್ತು. ಅವನು ಎಳೆದ.

ಚೇತನ, ನಿನ್ನ ಪ್ರಶ್ನೆಗೆ ಉತ್ತರವಿರುವುದು ಇಲ್ಲಿಯೇ ಎಂಬುದು ನನ್ನ ನಂಬಿಕೆ. ನಾವು ಕಾರಣ ಕೊಡುವುದು ಎದುರಿನವರ ಮನಸ್ಸಿಗೆ ನೋವಾಗಬಾರದೆಂದು. ಆದರೆ ಅವರ ಕಿವಿಗೆ ಆ ಕಾರಣ ನಿವಾರಿಸಬಹುದಾದ ಒಂದು ಅಡ್ಡಿಯಂತೆ ಕೇಳಿಸುತ್ತದೆ. ನೆಗಡಿಯೆಂದರೆ ಪುದೀನ, ಪರೀಕ್ಷೆಯೆಂದರೆ ಪರೀಕ್ಷೆ ಮುಗಿದ ಮರುದಿನ, ಅಪ್ಪನಿಗೆ ಗೊತ್ತಾಗುತ್ತದೆಂದರೆ ಇದಕ್ಕೆ ವಾಸನೆಯೇ ನಿಲ್ಲುವುದಿಲ್ಲವೆಂಬ ಸಮಾಧಾನ. 'ಇನ್ನೊಂದು ಸಲ' ಎಂದರಂತೂ ಆ ಸಲಕ್ಕೆ ನಾವೇ ಒಪ್ಪಿಗೆ ಕೊಟ್ಟಂತೆ.

ನನ್ನ ಸರದಿ ಬಂದಾಗ ನಾನು, "ಬೇಡ ಅಣ್ಣ, ನಾನು ಎಳೆಯಲ್ಲ," ಎಂದಷ್ಟೇ ಹೇಳಿದೆ. ಯಾಕೆಂದು ಕೇಳಿದ. "ಸುಮ್ನೆ, ಬೇಡ ಅಣ್ಣ," ಎಂದೆ. ಬರೀ ಹಣ್ಣಿನ ಆವಿ, ಸಿಗರೇಟ್ ಅಲ್ಲ, ಒಂದೇ ಒಂದು ಸಲ ಎಂದು ಅವನು ಇನ್ನೂ ಹೇಳುತ್ತಿದ್ದಾಗ, ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೊಮ್ಮೆ ಹೇಳಿ, ಎದ್ದು, ಖಾಲಿಯಾಗಿದ್ದ ತಟ್ಟೆಗಳನ್ನು ಒಟ್ಟು ಮಾಡತೊಡಗಿದೆ. ಎದ್ದು ಓಡಾಡತೊಡಗಿದರೆ, ಕೈಯಲ್ಲಿ ಒಂದು ಕೆಲಸವಿದ್ದರೆ, ಮಾತು ತಾನಾಗಿಯೇ ಬೇರೆ ಕಡೆಗೆ ತಿರುಗುತ್ತದೆ. ಅಲ್ಲಿ ನಿಂತು ವೇಪಿನ ಅಪಾಯಗಳ ಬಗ್ಗೆ ವಾದಕ್ಕಿಳಿದಿದ್ದರೆ ಅದು ಸೋಲು ಗೆಲುವಿನ ಮಾತಾಗುತ್ತಿತ್ತು. ಹತ್ತು ಜನರೆದುರು ಹುಟ್ಟುಹಬ್ಬದ ದಿನ ಯಾರೂ ಸೋಲಲು ಒಪ್ಪುವುದಿಲ್ಲ.

ಅಲ್ಲಿ ಹೇಳದ ಕಾರಣವನ್ನು ನಿನಗೆ ಹೇಳುತ್ತೇನೆ. ನೀನೂ ನನ್ನಂತೆ ರಸಾಯನಶಾಸ್ತ್ರ ಓದುವವನು, ಬೇಗ ಅರ್ಥವಾಗುತ್ತದೆ. ಆ ಪೆನ್ನಿನೊಳಗೆ ಒಂದು ಸಣ್ಣ ಬ್ಯಾಟರಿ, ಒಂದು ತಂತಿಯ ಸುರುಳಿ ಮತ್ತು ದ್ರವದಲ್ಲಿ ನೆನೆದ ಹತ್ತಿ ಇರುತ್ತವೆ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆ ಮತ್ತು ನಿಕೋಟಿನ್ ಸೇರಿದ ಆ ದ್ರವ ಸುರುಳಿಯ ಬಿಸಿಗೆ ಅತಿ ಸಣ್ಣ ಹನಿಗಳಾಗಿ ಶ್ವಾಸಕೋಶ ಸೇರುತ್ತದೆ. ನಿಕೋಟಿನ್ ತನ್ನಷ್ಟಕ್ಕೆ ಪ್ರತ್ಯಾಮ್ಲ. ಅದನ್ನು ಹೆಚ್ಚು ಪ್ರಮಾಣದಲ್ಲಿ ಹಾಗೆಯೇ ಎಳೆದರೆ ಗಂಟಲು ಉರಿದು ಕೆಮ್ಮು ಬರುತ್ತದೆ. ಆ ಕೆಮ್ಮು ದೇಹದ ಎಚ್ಚರಿಕೆ. ಈಗಿನ ಎಷ್ಟೋ ವೇಪ್‌ಗಳ ದ್ರವಕ್ಕೆ ಬೆಂಜೋಯಿಕ್ ಆಮ್ಲದಂತಹ ಆಮ್ಲವನ್ನು ಸೇರಿಸಿ ನಿಕೋಟಿನನ್ನು ಲವಣವಾಗಿಸುತ್ತಾರೆ. ಆಗ ಗಂಟಲು ಉರಿಯುವುದು ಬಹಳ ಕಡಿಮೆಯಾಗುತ್ತದೆ, ಎಷ್ಟು ಒಳಗೆ ಹೋಯಿತೆಂಬುದೂ ತಿಳಿಯುವುದಿಲ್ಲ. ಮೊದಲ ಸಲ ಎಳೆಯುವವನು ಹಿಂಜರಿಯದಿರಲಿ ಎಂದೇ ಮಾಡಿದಂತಿರುವ ಈ ಮೃದುತನ ನನಗೆ ಮಾವಿನ ವಾಸನೆಗಿಂತ ಹೆಚ್ಚು ಸಿಟ್ಟು ತರಿಸುತ್ತದೆ.

ತಾರಸಿಯಲ್ಲಿ ಬಿದ್ದಿದ್ದ ಡಬ್ಬಿಯ ಮೇಲೆ 2 ಎಂ.ಎಲ್., ನಿಕೋಟಿನ್ ಶೇಕಡಾ 5 ಎಂದಿತ್ತು. ಅಂದರೆ ಒಂದು ಎಂ.ಎಲ್.ಗೆ 50 ಮಿಲಿಗ್ರಾಂ, ಒಟ್ಟು 100 ಮಿಲಿಗ್ರಾಂ. ಒಂದು ಸಿಗರೇಟಿನಿಂದ ಸೇದುವವನ ದೇಹಕ್ಕೆ ಸೇರುವ ನಿಕೋಟಿನ್ ಸುಮಾರು 1ರಿಂದ 1.5 ಮಿಲಿಗ್ರಾಂ. ಆ ನೂರರಲ್ಲಿ ಮೂರನೆಯ ಒಂದು ಭಾಗ ಮಾತ್ರ ಒಳಗೆ ಹೋದರೂ 20 ಸಿಗರೇಟುಗಳ ಒಂದು ಪ್ಯಾಕಿಗೆ ಕಡಿಮೆಯಿಲ್ಲ. ಸಿಗರೇಟಾದರೆ ಉರಿದು ಮುಗಿಯುತ್ತದೆ, ಒಂದು ಆಯಿತೆಂದು ಲೆಕ್ಕ ಸಿಗುತ್ತದೆ. ಇದಕ್ಕೆ ಅಂತಹ ಕೊನೆಯಿಲ್ಲ. ಓದುತ್ತಾ, ಹಾಸಿಗೆಯಲ್ಲಿ ಮಲಗಿದಲ್ಲಿಯೇ ಎಳೆಯುತ್ತಿರಬಹುದು. ಮೇಲಾಗಿ ಇದು ಕದ್ದುಮುಚ್ಚಿ ಬರುವ ಮಾಲು, ಡಬ್ಬಿಯ ಮೇಲಿನ ಅಂಕಿ ನಿಜವೆಂದು ಹೇಳುವವರೂ ಇಲ್ಲ.

ನವೀನ ಕೆಮ್ಮಲಿಲ್ಲ. ಅದೇ ಧೈರ್ಯದಲ್ಲಿ ಮತ್ತೆ ಮತ್ತೆ ಎಳೆದ. ಸ್ವಲ್ಪ ಹೊತ್ತಿನಲ್ಲಿ ಅವನ ಮುಖ ಬಿಳಿಚಿಕೊಂಡು, ಬೆವರೊಡೆದು, ತಲೆ ತಿರುಗಿ ನೀರಿನ ಟ್ಯಾಂಕಿನ ಪಕ್ಕ ಕುಳಿತು ವಾಂತಿ ಮಾಡಿದ. ಎದೆ ಡವಡವ ಹೊಡೆದುಕೊಳ್ಳುತ್ತಿದೆ ಎಂದ. ಬಿರಿಯಾನಿ ಜೀರ್ಣವಾಗಿಲ್ಲವೆಂದು ಉಳಿದವರು ಅಂದರೂ, ಅಭ್ಯಾಸವಿಲ್ಲದವನಿಗೆ ನಿಕೋಟಿನ್ ಹೆಚ್ಚಾದಾಗ ಕಾಣುವ ಲಕ್ಷಣಗಳು ಇವೇ. ನಾನು ಅವನನ್ನು ಗಾಳಿಯಾಡುವ ಕಡೆಗೆ ಕರೆದೊಯ್ದು ಪಕ್ಕಕ್ಕೆ ಮಲಗಿಸಿ ಜೊತೆಯಲ್ಲೇ ಕುಳಿತೆ. ವಾಂತಿ ನಿಲ್ಲದಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ಅಥವಾ ಮೈ ಅದುರತೊಡಗಿದರೆ ಕೂಡಲೇ ಆಟೋ ಹಿಡಿದು ಕೆ.ಆರ್. ಆಸ್ಪತ್ರೆಗೆ ಹೋಗುವುದೆಂದು ನಿರ್ಧರಿಸಿದ್ದೆ. ಹಾಗಾಗಲಿಲ್ಲ, ನಿಧಾನವಾಗಿ ಚೇತರಿಸಿಕೊಂಡ.

ಅದಾದ ಕೆಲವು ದಿನಗಳ ಮೇಲೆ ಕಿರಣ ನನ್ನ ಕೋಣೆಗೆ ಬಂದ. ವಾರ್ಡನ್ ತಪಾಸಣೆಯಿದೆ, ಒಂದು ಪೊಟ್ಟಣವನ್ನು ನನ್ನ ಟ್ರಂಕಿನಲ್ಲಿಟ್ಟುಕೊಳ್ಳಬೇಕೆಂದ. ಎಳೆಯದವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲವಲ್ಲ! ಈ ಕೋರಿಕೆ ನಿನಗೂ ಬರಬಹುದು, ಆದ್ದರಿಂದ ಹೇಳುತ್ತಿದ್ದೇನೆ. 2019ರ ಕೇಂದ್ರ ಕಾಯ್ದೆಯ ಪ್ರಕಾರ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಹಂಚಿಕೆಗಳ ಜೊತೆಗೆ ದಾಸ್ತಾನು ಇಡುವುದೂ ಅಪರಾಧ. ದಾಸ್ತಾನಿಗೆ ಮೊದಲ ಸಲವೇ 6 ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಗೆಳೆಯರಿಗೆ ಹತ್ತಿಪ್ಪತ್ತು ರೂಪಾಯಿ ಲಾಭವಿಟ್ಟು ಕೊಡುವವನೂ ಕಾನೂನಿನ ಕಣ್ಣಿನಲ್ಲಿ ಮಾರಾಟಗಾರನೇ. ಆಗಲೂ ನಾನು ಅದೇ ಮಾತನ್ನೇ ಹೇಳಿದೆ: "ಬೇಡ ಅಣ್ಣ, ನಾನು ಇಟ್ಟುಕೊಳ್ಳಲ್ಲ."

ನವೀನನ ವಿಷಯವೇ ನನ್ನನ್ನು ಕಾಡುತ್ತಿರುವುದು. ಅಂದು ವಾಂತಿ ಮಾಡಿದವನು ಅಲ್ಲಿಗೇ ಬಿಡುತ್ತಾನೆಂದು ಎಲ್ಲರೂ ಅಂದುಕೊಂಡಿದ್ದೆವು. ದೇಹ ಬೇಗ ಒಗ್ಗಿಕೊಳ್ಳುತ್ತದೆ. ಈಗ ಅವನಿಗೆ ಬೆಳಿಗ್ಗೆ ಎದ್ದ ಕೂಡಲೇ ಅದು ಬೇಕು, ಸಿಗದಿದ್ದರೆ ಸಿಡುಕುತ್ತಾನೆ, ತರಗತಿಯಲ್ಲಿ ಗಮನ ನಿಲ್ಲುವುದಿಲ್ಲ. ಮೊನ್ನೆ ಅವನೊಡನೆ ಕುಳಿತು ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿಸಿದೆ. ಕರೆಗೆ ಹಣ ಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಬಿಡುವ ದಿನವೊಂದನ್ನು ಅವನೇ ಗೊತ್ತು ಮಾಡಿಕೊಂಡಿದ್ದಾನೆ.

ಸ್ನೇಹದ ಬಗ್ಗೆ ಕೇಳಿದ್ದೆಯಲ್ಲ, ಕಿರಣ ಒಂದೆರಡು ದಿನ ಮುಖ ಕೊಟ್ಟು ಮಾತನಾಡಲಿಲ್ಲ. ಈಗ ಮೆಸ್ಸಿನಲ್ಲಿ ಎಂದಿನಂತೆ ಪಕ್ಕದಲ್ಲೇ ಕೂರುತ್ತಾನೆ, ವೇಪ್ ಮಾತ್ರ ನನ್ನತ್ತ ಚಾಚುವುದಿಲ್ಲ. ಪಾರ್ಟಿ ಮುಗಿದ ಮೇಲೆ ನಿನ್ನ ಕಡೆ ಏನಾಯಿತೆಂದು ತಪ್ಪದೆ ಬರೆ.

ನಿನ್ನ ಗೆಳೆಯ,
ಮಂಜು
ಮೈಸೂರು